ಸಾಹೇಬರ ಭೇಟಿಗೆ ಪಿ.ಎ. ಬಳಿ ಸಮಯ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಪುಣೆ, ಗೋವಾದ ಕನ್ನಡ ಸಂಘಗಳು, ಶಾಲಾ ಮಂಡಳಿಗಳು ಮತ್ತು ಸಣ್ಣ ಉದ್ಯಮಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ದೊಡ್ಡ ಕಂಪನಿಯ ನಿರ್ದೇಶಕರನ್ನು ಕಾಣಬೇಕಾದಾಗ ಅವರ ಪಿ.ಎ.ಗೆ ಕಳಿಸುವ ನಾಲ್ಕೈದು ಸಾಲಿನ ಕೋರಿಕೆಯ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇವೆ. ಭೇಟಿಯಲ್ಲಿ ಏನು ಮಾತಾಡಬೇಕೆಂಬುದು ಬೇರೆಯೇ ವಿಷಯ. ಮಾದರಿಗಳು ಕನ್ನಡದಲ್ಲಿವೆ. ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಕಳಿಸುವವರಿಗೂ ಕ್ರಮ ಇದೇ.

## ಮೊದಲು ತಿಳಿಯಬೇಕಾದದ್ದು

ಸಾಹೇಬರ ಮೊಬೈಲ್ ನಂಬರೇ ನಮ್ಮ ಹತ್ತಿರ ಇದೆ. ಪಿ.ಎ.ಗೆ ಯಾಕೆ ಬರೆಯಬೇಕು?

ಸಾಹೇಬರ ದಿನಚರಿ ಅವರ ಕೈಯಲ್ಲಿ ಇರುವುದಿಲ್ಲ, ಪಿ.ಎ. ಕೈಯಲ್ಲಿರುತ್ತದೆ. ಮದುವೆ ಮನೆಯಲ್ಲೋ ಸಂಘದ ವಾರ್ಷಿಕೋತ್ಸವದಲ್ಲೋ ಸಿಕ್ಕ ನಿರ್ದೇಶಕರು "ಬನ್ನಿ ಬನ್ನಿ, ಗುರುವಾರ ಬನ್ನಿ" ಎಂದಿರುತ್ತಾರೆ. ಆ ಗುರುವಾರ ಅವರು ದಿಲ್ಲಿಯಲ್ಲಿರುತ್ತಾರೆ ಎಂಬುದು ಪಿ.ಎ.ಗೆ ಗೊತ್ತು, ಅವರಿಗೇ ನೆನಪಿರುವುದಿಲ್ಲ. ಸಾಹೇಬರು ಒಪ್ಪಿದ್ದರೂ ಕ್ಯಾಲೆಂಡರಿಗೆ ಏರದ ಭೇಟಿಯನ್ನು ಗೇಟಿನ ಸೆಕ್ಯೂರಿಟಿಯವರು ಭೇಟಿ ಎಂದು ಒಪ್ಪುವುದಿಲ್ಲ.

ನೇರವಾಗಿ ಮಾತಾಗಿದ್ದರೆ ಅದನ್ನು ಪಿ.ಎ.ಗೆ ಒಂದೇ ಸಾಲಿನಲ್ಲಿ ತಿಳಿಸಿ: "ಶನಿವಾರ ಸಂಘದ ಸಭೆಯಲ್ಲಿ ಸಿಕ್ಕಾಗ ನಿರ್ದೇಶಕರು ನಿಮಗೆ ಬರೆಯಲು ಹೇಳಿದರು." ನಿಜವಾಗಿ ಹಾಗೆ ಹೇಳಿದ್ದರೆ ಮಾತ್ರ ಬರೆಯಿರಿ. ಪಿ.ಎ. ಕೇಳಿಯೇ ಕೇಳುತ್ತಾರೆ.

ಪಿ.ಎ. ನಮ್ಮ ಕೋರಿಕೆಯನ್ನು ಏನು ಮಾಡುತ್ತಾರೆ?

ಮೂರರಲ್ಲಿ ಒಂದು. ಭೇಟಿಯ ಕಾರಣ ಸ್ಪಷ್ಟವಾಗಿದ್ದು ತಮಗೇ ನಿರ್ಧರಿಸುವ ಅಧಿಕಾರವಿದ್ದರೆ ಕ್ಯಾಲೆಂಡರ್ ನೋಡಿ ಸಮಯ ಕೊಡುತ್ತಾರೆ. ಸಾಹೇಬರನ್ನು ಕೇಳಬೇಕಾದರೆ ನೀವು ಬರೆದದ್ದನ್ನು ಹಾಗೇ ಮುಂದಕ್ಕೆ ಕಳಿಸಿ, ಮೇಲೆ "ಕೊಡಲೇ?" ಎಂದಷ್ಟೇ ಸೇರಿಸುತ್ತಾರೆ. ಇವೆರಡೂ ಆಗದಿದ್ದರೆ ಆಮೇಲೆ ನೋಡೋಣವೆಂದು ಬದಿಗಿಡುತ್ತಾರೆ. ಬದಿಗಿಟ್ಟದ್ದು ದಿನಕ್ಕೆ ಬರುವ ನೂರಾರು ಮೇಲ್‌ಗಳ ಅಡಿಗೆ ಹೋಗುತ್ತದೆ.

ಈ ಪುಟದ ಸಲಹೆಗಳೆಲ್ಲ ಎರಡನೆಯ ಸಾಧ್ಯತೆಯ ಸುತ್ತಲೇ ಇವೆ. ಸಾಹೇಬರು ಕಾರಿನಲ್ಲಿ ಕುಳಿತು ಫೋನಿನಲ್ಲಿ ಓದಿ "ಹ್ಞೂಂ" ಎನ್ನುವಂತೆ ನಿಮ್ಮ ಕೋರಿಕೆ ಇರಬೇಕು. ಪಿ.ಎ.ಗೆ ಅದನ್ನು ತಿದ್ದುವ, ಸಂಕ್ಷೇಪಿಸುವ, ವಿವರಿಸುವ ಕೆಲಸ ಬೀಳಬಾರದು.

ಹಾಗಾದರೆ ಕೋರಿಕೆಯಲ್ಲಿ ಏನೇನು ಇರಲೇಬೇಕು?

ನೀವು ಯಾರು, ಯಾತಕ್ಕೆ ಕಾಣಬೇಕು, ಎಷ್ಟು ನಿಮಿಷ, ಎಷ್ಟು ಜನ, ನಿಮಗೆ ಯಾವ ಯಾವ ವೇಳೆ ಆಗುತ್ತದೆ, ಎಂದಿನೊಳಗೆ ಉತ್ತರ ಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಇಷ್ಟು ಗೊತ್ತಾದರೆ ಪಿ.ಎ. ನಿಮಗೆ ಮರುಪ್ರಶ್ನೆ ಹಾಕಬೇಕಾಗಿಲ್ಲ. ಒಂದು ಬಿಟ್ಟುಹೋದರೂ ಅದನ್ನು ಕೇಳಲು ಒಂದು ಮೇಲ್, ನೀವು ಉತ್ತರಿಸಲು ಇನ್ನೊಂದು. ಅಷ್ಟರಲ್ಲಿ ಖಾಲಿ ಇದ್ದ ಅರ್ಧ ಗಂಟೆ ಬೇರೆಯವರ ಪಾಲಾಗಿರುತ್ತದೆ.

ಹೆಚ್ಚಾಗಿ ಬಿಟ್ಟುಹೋಗುವುದು ಎಷ್ಟು ಜನ ಎಂಬ ವಿವರ. ಇಬ್ಬರಾದರೆ ಸಾಹೇಬರ ಕೋಣೆಯಲ್ಲೇ ಆಗುತ್ತದೆ, ಆರು ಜನರಾದರೆ ಮೀಟಿಂಗ್ ರೂಮ್ ಬುಕ್ ಮಾಡಬೇಕು. ಆ ರೂಮ್ ಖಾಲಿ ಇಲ್ಲವೆಂಬ ಕಾರಣಕ್ಕೇ ಭೇಟಿ ಮುಂದಕ್ಕೆ ಹೋಗುವುದುಂಟು.

## ಬರೆಯುವಾಗ

ನಮ್ಮ ಶಾಲೆಯಿಂದ ಕಳಿಸಿದ ಪತ್ರ ಇದು. ಮೂರು ವಾರವಾಯಿತು, ಉತ್ತರವಿಲ್ಲ. ಎಲ್ಲಿ ತಪ್ಪಿದೆ?

ಇಂಥ ಪತ್ರಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುತ್ತವೆ. ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯ ಆಡಳಿತ ಮಂಡಳಿ, ಕಂಪನಿಯೊಂದರ ಸಿಎಸ್‌ಆರ್ ನೆರವು ಕೇಳಲು ನಿರ್ದೇಶಕರನ್ನು ಕಾಣಬೇಕಿದೆ ಎಂದಿಟ್ಟುಕೊಳ್ಳೋಣ. ಪತ್ರ ಹೀಗಿರುತ್ತದೆ:

> ವಿಷಯ: ವಿನಂತಿ
>
> ಮಾನ್ಯರೇ, ತಮಗೆ ನಮ್ಮ ಆಡಳಿತ ಮಂಡಳಿಯ ಪರವಾಗಿ ಅನಂತ ವಂದನೆಗಳು. ನಮ್ಮ ಶಾಲೆಯು ಹಲವು ದಶಕಗಳಿಂದ ಈ ಮಹಾನಗರದಲ್ಲಿ ಬಡ ಕನ್ನಡ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಅವಿರತ ಶ್ರಮಿಸುತ್ತ ಬಂದಿರುವುದು ತಮಗೆ ತಿಳಿದೇ ಇದೆ. ಮಾನ್ಯ ನಿರ್ದೇಶಕರು ಕನ್ನಡಿಗರೆಲ್ಲರ ಹೆಮ್ಮೆ. ಶಾಲೆಯ ಅಭಿವೃದ್ಧಿಯ ಕುರಿತು ಅವರೊಂದಿಗೆ ಕೆಲವು ವಿಚಾರಗಳನ್ನು ಹಂಚಿಕೊಳ್ಳುವುದಿದೆ. ಆದಕಾರಣ ತಾವು ದಯವಿಟ್ಟು ಅವರ ಬಿಡುವಿನ ವೇಳೆಯಲ್ಲಿ ಐದೇ ಐದು ನಿಮಿಷ ಅವಕಾಶ ಮಾಡಿಕೊಡಬೇಕಾಗಿ ಕಳಕಳಿಯ ಪ್ರಾರ್ಥನೆ. ತಮಗೆ ಅನುಕೂಲವಾದ ಯಾವ ದಿನವಾದರೂ ಬರಲು ಸಿದ್ಧರಿದ್ದೇವೆ.

ಇದರಲ್ಲಿ ವಿನಯಕ್ಕೆ ಕೊರತೆಯಿಲ್ಲ. ಓದಿ ಮುಗಿಸಿದ ಪಿ.ಎ. ಮಾತ್ರ ಮುಂದಿನ ಹೆಜ್ಜೆ ಇಡಲಾರರು. "ಶಾಲೆಯ ಅಭಿವೃದ್ಧಿ" ಎಂದರೆ ಹಣವೇ, ಅತಿಥಿಯಾಗಿ ಬರಬೇಕೆಂಬ ಆಮಂತ್ರಣವೇ, ಜಾಗದ ತಕರಾರೇ? ಸಾಹೇಬರು ಕೇಳಿದರೆ ಏನು ಹೇಳುವುದು? ಯಾವ ದಿನ? ಎಷ್ಟು ಮಂದಿ? "ವಿನಂತಿ" ಎಂಬ ವಿಷಯದ ಸಾಲಂತೂ ಅಂದಿನ ಅರ್ಧ ಮೇಲ್‌ಗಳಿಗೆ ಹೊಂದುತ್ತದೆ. ಅದನ್ನೇ ತಿರುಗಿ ಬರೆದರೆ:

> ವಿಷಯ: 20 ನಿಮಿಷದ ಭೇಟಿ, ಆಗಸ್ಟ್ 18–21: ಕನ್ನಡ ಶಾಲೆಗೆ ಸಿಎಸ್‌ಆರ್ ನೆರವಿನ ಕೋರಿಕೆ
>
> ನಮಸ್ಕಾರ ಮ್ಯಾಡಮ್,
>
> ನಾನು ಮಾಟುಂಗದ (ಶಾಲೆಯ ಹೆಸರು) ಕಾರ್ಯದರ್ಶಿ. ಶಾಲೆಯಲ್ಲಿ 12 ಕಂಪ್ಯೂಟರ್‌ಗಳ ಕೊಠಡಿ ಮಾಡಿಸಲು ಸಿಎಸ್‌ಆರ್ ನೆರವು ಕೇಳುವುದಕ್ಕಾಗಿ ನಿರ್ದೇಶಕರನ್ನು 20 ನಿಮಿಷ ಕಾಣಬೇಕಿದೆ. ನಾನು ಮತ್ತು ಮುಖ್ಯೋಪಾಧ್ಯಾಯರು, ಇಬ್ಬರು ಬರುತ್ತೇವೆ. ಇವುಗಳಲ್ಲಿ ಯಾವುದಾದರೂ ಹೊಂದೀತೇ?
>
> ಅ) ಮಂಗಳವಾರ, ಆಗಸ್ಟ್ 18: ಬೆಳಗ್ಗೆ 11ರಿಂದ 1ರ ನಡುವೆ
> ಆ) ಗುರುವಾರ, ಆಗಸ್ಟ್ 20: ಮಧ್ಯಾಹ್ನ 3ರಿಂದ 5ರ ನಡುವೆ
> ಇ) ಶುಕ್ರವಾರ, ಆಗಸ್ಟ್ 21: ಬೆಳಗ್ಗೆ 10ರಿಂದ 12ರ ನಡುವೆ
>
> ಆಗಸ್ಟ್ 10, ಸೋಮವಾರದವರೆಗೆ ಈ ಮೂರೂ ವೇಳೆಯನ್ನು ತೆರವಾಗಿ ಇಟ್ಟಿರುತ್ತೇವೆ. ಮೊದಲು ಸಿಎಸ್‌ಆರ್ ವಿಭಾಗದವರನ್ನು ಕಾಣುವುದು ಸರಿಯೆಂದಾದರೆ ಯಾರಿಗೆ ಬರೆಯಬೇಕೆಂದು ತಿಳಿಸಿದರೂ ಸಾಕು. ನಮ್ಮ ಸಿಎಸ್‌ಆರ್-1 ನೋಂದಣಿ ಸಂಖ್ಯೆ: (ಸಂಖ್ಯೆ).
>
> ವಂದನೆಗಳು,
> (ಹೆಸರು, ಮೊಬೈಲ್)

ಇದಕ್ಕೆ ಪಿ.ಎ. "ಆ, 3.30ಕ್ಕೆ" ಎಂದು ಉತ್ತರಿಸಿದರೆ ಕೆಲಸ ಮುಗಿಯಿತು. ವೇಳೆಗಳಿಗೆ ಅ, ಆ, ಇ ಎಂದು ಗುರುತು ಹಾಕಿರುವುದು ಅದಕ್ಕೇ. "11ಕ್ಕೆ ಸರಿಯಾಗಿ" ಎನ್ನದೆ ಎರಡು ಗಂಟೆಗಳ ಅವಕಾಶ ಕೊಟ್ಟದ್ದಕ್ಕೂ ಕಾರಣವಿದೆ. ಸಾಹೇಬರ ದಿನದಲ್ಲಿ 20 ನಿಮಿಷದ ಸಂದುಗಳು ಇರುತ್ತವೆ, ಆದರೆ ಅವು ನೀವು ಹೇಳಿದ ಗಂಟೆಗೇ ಬೀಳುವುದಿಲ್ಲ.

ಕೊನೆಯ ಎರಡು ವಾಕ್ಯಗಳು ಈ ಪತ್ರದ ಜೀವ. ಸಿಎಸ್‌ಆರ್ ಹಣವನ್ನು ಹೊರಗಿನ ಸಂಸ್ಥೆಯ ಮೂಲಕ ಖರ್ಚು ಮಾಡಬೇಕಾದರೆ ಆ ಸಂಸ್ಥೆ ಸಿಎಸ್‌ಆರ್-1 ಅರ್ಜಿ ಸಲ್ಲಿಸಿ ನೋಂದಣಿ ಪಡೆದಿರಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಇದೆ. ಕಂಪನಿಯಿಂದ ಬರುವ ಮೊದಲ ಪ್ರಶ್ನೆಯೇ ಅದು. ಸಂಖ್ಯೆ ಮುಂಚೆಯೇ ಕಾಣಿಸಿದರೆ ನೀವು ತಯಾರಾಗಿ ಬಂದವರೆಂದು ಗೊತ್ತಾಗುತ್ತದೆ. ಇನ್ನು, ಬೇರೆ ವಿಭಾಗಕ್ಕೆ ಕಳಿಸಬಹುದು ಎಂಬ ದಾರಿಯನ್ನು ನೀವೇ ತೆರೆದಿಟ್ಟರೆ, "ಆಗುವುದಿಲ್ಲ" ಎನ್ನುವ ಮುಜುಗರ ಪಿ.ಎ.ಗೆ ತಪ್ಪುತ್ತದೆ. ಏನೂ ಹೇಳದೆ ಸುಮ್ಮನಿರುವುದಕ್ಕೆ ಎಷ್ಟೋ ಸಲ ಆ ಮುಜುಗರವೇ ಕಾರಣ.

ಶಾಲೆಯ ಇತಿಹಾಸವನ್ನು ಪೂರ್ತಿ ಬಿಟ್ಟುಬಿಡಲು ಮನಸ್ಸು ಒಪ್ಪದು. ಅದು ಸಹಜ. ಒಂದು ಪುಟದ ಪರಿಚಯವನ್ನು ಬೇರೆ ಫೈಲಾಗಿ ಲಗತ್ತಿಸಿ. ಕೋರಿಕೆಯೊಳಗೆ ಅದು ಬೇಡ.

'ತಮಗೆ ಅನುಕೂಲವಾದಾಗ' ಎನ್ನುವುದು ಮರ್ಯಾದೆಯ ಮಾತಲ್ಲವೇ?

ಮಾತು ಮರ್ಯಾದೆಯದೇ, ಹೊರೆ ಮಾತ್ರ ಪಿ.ಎ. ಮೇಲೆ. ಎಲ್ಲ ದಿನವೂ ಆಗುತ್ತದೆ ಎಂದರೆ ಅವರು ಇಡೀ ತಿಂಗಳ ಕ್ಯಾಲೆಂಡರ್ ತೆರೆದು ಒಂದು ದಿನ ಆರಿಸಿ ನಿಮ್ಮನ್ನು ಕೇಳಬೇಕು, ಆಗ ನೀವು "ಅಯ್ಯೋ, ಅಂದು ಮಾತ್ರ ಆಗುವುದಿಲ್ಲ" ಎನ್ನುತ್ತೀರಿ. ಇದು ಎಲ್ಲ ಪಿ.ಎ.ಗಳಿಗೂ ಅನುಭವವಾದ ಸಂಗತಿ. ಮೂರು ವೇಳೆ ಕೊಟ್ಟು ಕೆಳಗೆ "ಇವು ಹೊಂದದಿದ್ದರೆ ಆ ವಾರ ನೀವು ಹೇಳಿದ ವೇಳೆಗೆ ಬರುತ್ತೇವೆ" ಎಂದು ಸೇರಿಸಿದರೆ ಮರ್ಯಾದೆಯೂ ಉಳಿಯಿತು, ಹೊರೆಯೂ ಇಳಿಯಿತು.

ವೇಳೆಗಳು ಬೇರೆ ಬೇರೆ ದಿನಗಳದಾಗಿರಲಿ, ಒಂದಾದರೂ ಮಧ್ಯಾಹ್ನದ ನಂತರದ್ದಾಗಿರಲಿ. ವಾರದ ಜತೆ ತಾರೀಕನ್ನೂ ಬರೆಯಿರಿ. "ಬರುವ ಮಂಗಳವಾರ" ಎಂದು ಭಾನುವಾರ ಬರೆದರೆ ಅದು ನಾಡಿದ್ದೋ, ಅದರ ಮುಂದಿನ ವಾರದ್ದೋ ಎಂಬುದು ಓದುವವರ ಪಾಲಿಗೆ ಒಗಟು.

ಐದು ನಿಮಿಷ ಎಂದು ಕೇಳಿದರೆ ಬೇಗ ಸಿಗುತ್ತದಲ್ಲ?

ಸಿಗುವುದಿಲ್ಲ. ಐದು ನಿಮಿಷದ ಭೇಟಿ ಎಂಬುದು ಇಲ್ಲವೆಂದು ಪಿ.ಎ.ಗೆ ಗೊತ್ತು. ಒಳಗೆ ಬಂದು ಕುಳಿತು, ಚಹಾ ಬೇಡವೆಂದು ಹೇಳಿ, ಪರಿಚಯ ಮುಗಿಸುವಷ್ಟರಲ್ಲಿ ಐದು ನಿಮಿಷ ಆಗಿರುತ್ತದೆ. ಹಾಗಾಗಿ "ಐದೇ ನಿಮಿಷ" ಎಂದವರಿಗೆ ಅವರು ಮನಸ್ಸಿನಲ್ಲೇ ಅರ್ಧ ಗಂಟೆ ಲೆಕ್ಕ ಹಾಕುತ್ತಾರೆ, ಅಷ್ಟು ಖಾಲಿ ಸಿಗದಿದ್ದರೆ ಬದಿಗಿಡುತ್ತಾರೆ.

ಒಂದು ವಿಷಯ, ಒಂದು ನಿರ್ಧಾರ ಇದ್ದರೆ 20 ನಿಮಿಷ ಕೇಳಿ. ಕ್ಯಾಲೆಂಡರಿನಲ್ಲಿ ಅದಕ್ಕೆ ಅರ್ಧ ಗಂಟೆ ಕಾದಿರಿಸುತ್ತಾರೆ, ಉಳಿದ 10 ನಿಮಿಷ ಸಾಹೇಬರಿಗೆ ಉಸಿರಾಡಲು. ದಾಖಲೆ ತೋರಿಸಿ ಚರ್ಚಿಸುವುದಿದ್ದರೆ 30 ನಿಮಿಷ. ಮೊದಲ ಭೇಟಿಗೆ ಒಂದು ಗಂಟೆ ಕೇಳಬೇಡಿ. ಕೇಳಿದಷ್ಟೇ ಹೊತ್ತಿಗೆ ನೀವಾಗಿ ಎದ್ದರೆ ಎರಡನೇ ಸಲ ಸಮಯ ಸಿಗುವುದು ಸುಲಭ, ಏಕೆಂದರೆ ಮುಂದಿನ ಭೇಟಿ ತಡವಾಗಿ ಬೈಸಿಕೊಳ್ಳುವವರು ಪಿ.ಎ.

ಹಣ ಕೇಳಲು ಹೋಗುವುದು. ಅದನ್ನು ಮೊದಲೇ ಬರೆದರೆ ಒಳಗೇ ಬಿಡುವುದಿಲ್ಲವೇನೋ. 'ಸೌಜನ್ಯದ ಭೇಟಿ' ಎನ್ನಲೇ?

ಬೇಡವೇ ಬೇಡ. ಸೌಜನ್ಯದ ಭೇಟಿ ಎಂದು ಒಳಗೆ ಹೋಗಿ ದೇಣಿಗೆಯ ಅರ್ಜಿ ಮುಂದಿಟ್ಟರೆ ಸಾಹೇಬರು ಪಿ.ಎ.ಯನ್ನು ಕೇಳುತ್ತಾರೆ: "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಆ ಪಿ.ಎ. ಇರುವಷ್ಟು ಕಾಲ ನಿಮಗೆ ಮತ್ತೆ ಸಮಯ ಸಿಗುವುದಿಲ್ಲ, ಸಿಗದಿರುವುದು ನ್ಯಾಯವೂ ಹೌದು. ನಿಜವಾದ ಕಾರಣ ಬರೆದು ಬೇಡವೆನಿಸಿಕೊಂಡರೆ ಕಳೆದುಕೊಳ್ಳುವುದು ಒಂದು ಭೇಟಿ ಮಾತ್ರ. ವಿಷಯ ಗೋಪ್ಯವಾದದ್ದಾದರೆ "ವೈಯಕ್ತಿಕ ವಿಷಯ, ನಿರ್ದೇಶಕರಿಗೆ ಹಿನ್ನೆಲೆ ಗೊತ್ತಿದೆ" ಎಂದರೆ ಸಾಕು. ಸುಳ್ಳು ಬೇಕಿಲ್ಲ.

ಇಷ್ಟು ಚುಟುಕಾಗಿ ಬರೆದರೆ ಒರಟು ಅನಿಸುವುದಿಲ್ಲವೇ? ದಯವಿಟ್ಟು, ಕೃಪೆ ಎಲ್ಲ ಎಲ್ಲಿ ಹಾಕಬೇಕು?

ಕನ್ನಡದಲ್ಲಿ ಗೌರವ ಕ್ರಿಯಾಪದದಲ್ಲೇ ಕೂತಿದೆ. "ಸಮಯ ಕೊಡಿ" ಎನ್ನುವುದಕ್ಕೂ "ಸಮಯ ಹೊಂದಿಸಿಕೊಡಬಹುದೇ" ಎನ್ನುವುದಕ್ಕೂ ಇರುವ ಅಂತರವನ್ನು ಹತ್ತು "ದಯವಿಟ್ಟು" ಸೇರಿಸಿದರೂ ತುಂಬಲಾಗದು. "ಬಹುದೇ", "ಸಾಧ್ಯವೇ", "ಹೊಂದೀತೇ" ಎಂಬ ಕೊನೆಗಳು ಬೇಡವೆನ್ನುವ ಸ್ವಾತಂತ್ರ್ಯವನ್ನು ಎದುರಿನವರಿಗೆ ಬಿಡುತ್ತವೆ. "ಕೊಡತಕ್ಕದ್ದು", "ಕೊಡಬೇಕಾಗಿ ವಿನಂತಿ" ಎಂಬುವು ಸರಕಾರಿ ಅರ್ಜಿಯ ಭಾಷೆ, ಕಿವಿಗೆ ಆಜ್ಞೆಯಂತೆ ಕೇಳುತ್ತವೆ. ಒಂದು ಕೋರಿಕೆಗೆ ಒಂದು "ದಯವಿಟ್ಟು" ಸಾಕು. ಅದನ್ನು ಪ್ರಶ್ನೆಯ ಪಕ್ಕದಲ್ಲಿಡಿ.

"ತಾವು" ಎನ್ನಬೇಕೇ "ನೀವು" ಎನ್ನಬೇಕೇ ಎಂದೂ ಹಲವರು ಕೇಳುತ್ತಾರೆ. ಕಚೇರಿಯ ಪತ್ರಕ್ಕೆ "ನೀವು" ಧಾರಾಳವಾಗಿ ಸಾಕು. ಹಿರಿಯರಿಗೆ "ತಾವು" ಎಂದರೆ ತಪ್ಪಿಲ್ಲ, ಆದರೆ ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ. ಹೆಸರು ಗೊತ್ತಿದ್ದರೆ ಹೆಸರಿನ ಮುಂದೆ "ಅವರೇ" ಸೇರಿಸಿ. ಗಂಡೋ ಹೆಣ್ಣೋ ತಿಳಿಯದಿದ್ದರೆ "ನಮಸ್ಕಾರ" ಎಂದಷ್ಟೇ ತೊಡಗಿ, ಊಹಿಸಿ ಸರ್ ಎಂದು ಬರೆಯಬೇಡಿ. ಪಿ.ಎ. ಎದುರು ಅವರ ಸಾಹೇಬರನ್ನು ಏಕವಚನದಲ್ಲಿ ಕರೆದು ಸಲಿಗೆ ತೋರಿಸುವವರಿದ್ದಾರೆ. ಸಾಹೇಬರು ನಿಮ್ಮ ಊರಿನವರೇ, ನಿಮ್ಮ ಸಹಪಾಠಿಯೇ ಆಗಿದ್ದರೂ ಆ ಪತ್ರದಲ್ಲಿ "ನಿರ್ದೇಶಕರು" ಎಂದೇ ಇರಲಿ.

ಪಿ.ಎ. ನಮ್ಮ ಕಡೆಯವರೇ ಅಂತ ಗೊತ್ತಾಯಿತು. ಕನ್ನಡದಲ್ಲೇ ಬರೆಯಬಹುದಲ್ಲ?

ಸಾಹೇಬರಿಗೂ ಕನ್ನಡ ಓದಲು ಬರುವುದಾದರೆ ಸಂತೋಷವಾಗಿ ಬರೆಯಿರಿ. ಬಾರದಿದ್ದರೆ ಪಿ.ಎ. ನಿಮ್ಮ ಪತ್ರವನ್ನು ಹಾಗೇ ಮುಂದಕ್ಕೆ ಕಳಿಸಲಾರರು, ಕೂತು ಅನುವಾದಿಸಬೇಕು. ಮುಂಬಯಿ, ಮಂಗಳೂರು ಕಡೆ ಬೆಳೆದು ಕನ್ನಡ ಚೆನ್ನಾಗಿ ಮಾತಾಡಿದರೂ ಓದುವುದು ನಿಧಾನ ಎನ್ನುವವರೂ ಸಾಹೇಬರಲ್ಲಿ ಇದ್ದಾರೆ. ನಮಸ್ಕಾರ ಮತ್ತು ಕೊನೆಯ ವಂದನೆ ಕನ್ನಡದಲ್ಲಿರಲಿ, ನಡುವಿನ ಕೋರಿಕೆ ಅವರ ಕಚೇರಿಯಲ್ಲಿ ನಡೆಯುವ ಭಾಷೆಯಲ್ಲಿರಲಿ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ.

ನಾನು ಪುಣೆಯ ಭೋಸರಿಯವನು. ಒಂದೇ ದಿನದಲ್ಲಿ ಮುಂಬಯಿಗೆ ಬಂದು ಹೋಗಬೇಕು. ವಾಟ್ಸಾಪಿನಲ್ಲಿ ಹೇಗೆ ಕೇಳಲಿ?

ಪಿ.ಎ. ತಾವಾಗಿ ವಾಟ್ಸಾಪ್ ನಂಬರ್ ಕೊಟ್ಟಿದ್ದರೆ ಮಾತ್ರ ಅದರಲ್ಲಿ ಬರೆಯಿರಿ. ಕೆಲಸದ ದಿನ ಬೆಳಗ್ಗೆ 10ರಿಂದ ಸಂಜೆ 6ರೊಳಗೆ, ಒಂದೇ ಸಂದೇಶದಲ್ಲಿ. "ನಮಸ್ಕಾರ" ಎಂದೊಂದು ಕಳಿಸಿ ಉತ್ತರಕ್ಕೆ ಕಾದು ಕೂರಬೇಡಿ. ವಾಯ್ಸ್ ನೋಟ್ ಬೇಡ, ಮೀಟಿಂಗಿನ ನಡುವೆ ಅದನ್ನು ಯಾರೂ ಕೇಳಿಸಿಕೊಳ್ಳಲಾರರು.

ನಿಮ್ಮ ಪ್ರಯಾಣದ ಮಿತಿಯನ್ನು ವೇಳೆಯೊಳಗೇ ಸೇರಿಸಿ. ಡೆಕ್ಕನ್ ಕ್ವೀನ್ ಪುಣೆಯಿಂದ ಬೆಳಗ್ಗೆ 7.15ಕ್ಕೆ ಹೊರಟು 10.25ಕ್ಕೆ ಸಿಎಸ್‌ಎಂಟಿ ಸೇರುತ್ತದೆ, ಸಂಜೆ 5.10ಕ್ಕೆ ಅಲ್ಲಿಂದ ಮರಳುತ್ತದೆ. ಕಚೇರಿ ನರೀಮನ್ ಪಾಯಿಂಟಿನಲ್ಲಿದ್ದರೆ, ಗಾಡಿ ಅರ್ಧ ಗಂಟೆ ತಡವಾದರೂ ತೊಂದರೆಯಾಗದಂತೆ 11.30ರಿಂದ 3.30ರವರೆಗೆ ನಿಮ್ಮ ವೇಳೆ. ಕಚೇರಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲೋ ಅಂಧೇರಿಯಲ್ಲೋ ಇದ್ದರೆ ಎರಡೂ ತುದಿಯಿಂದ ಇನ್ನಷ್ಟು ಕತ್ತರಿಸಬೇಕು.

> ನಮಸ್ಕಾರ ಮ್ಯಾಡಮ್. ಪುಣೆಯ (ಕಂಪನಿಯ ಹೆಸರು)ನಿಂದ (ನಿಮ್ಮ ಹೆಸರು). ನಿಮ್ಮ ಘಟಕಕ್ಕೆ ಕೊಡುವ ಬಿಡಿಭಾಗಗಳ ಹೊಸ ದರದ ಬಗ್ಗೆ ಸಾಹೇಬರನ್ನು 20 ನಿಮಿಷ ಕಾಣಬೇಕಿದೆ, ನಾನೊಬ್ಬನೇ. ಬುಧವಾರ ಆಗಸ್ಟ್ 19 ಅಥವಾ ಶುಕ್ರವಾರ ಆಗಸ್ಟ್ 21, ಬೆಳಗ್ಗೆ 11.30ರಿಂದ ಮಧ್ಯಾಹ್ನ 3.30ರೊಳಗೆ ಸಾಧ್ಯವೇ? ಅಂದೇ ಪುಣೆಗೆ ಮರಳುವುದರಿಂದ ಈ ಮಿತಿ. ಗುರುವಾರ ಆಗಸ್ಟ್ 13ರೊಳಗೆ ತಿಳಿಸಿದರೆ ಟಿಕೆಟ್ ಮಾಡುತ್ತೇನೆ.

ಕೊನೆಯ ವಾಕ್ಯ ಒತ್ತಾಯದಂತೆ ಕೇಳುವುದಿಲ್ಲ, ಏಕೆಂದರೆ ಗಡುವಿಗೆ ಕಾರಣ ಅದರಲ್ಲೇ ಇದೆ. ಕಾರಣವಿಲ್ಲದ "ಅರ್ಜೆಂಟ್" ಎಂಬ ಪದ ಮಾತ್ರ ಕಿರಿಕಿರಿ.

## ಉತ್ತರ ಬಂದಾಗ, ಬಾರದಿದ್ದಾಗ

ಉತ್ತರವೇ ಇಲ್ಲ. ಎಷ್ಟು ದಿನ ಕಾಯಬೇಕು?

ನೀವೇ ಕೊಟ್ಟ ಗಡುವಿನ ತನಕ. ಗಡುವು ಕೊಡದೆ ಬರೆದಿದ್ದರೆ ಮೂರು ಕೆಲಸದ ದಿನ. ಆಮೇಲೆ ಅದೇ ಮೇಲಿಗೆ ಉತ್ತರವಾಗಿ ಎರಡು ಸಾಲು ಬರೆಯಿರಿ, ಹೊಸ ಮೇಲ್ ಬೇಡ. ಹಳೆಯದು ಕೆಳಗೇ ಇದ್ದರೆ ಅವರು ಹುಡುಕಬೇಕಾಗಿಲ್ಲ:

> ನಮಸ್ಕಾರ ಮ್ಯಾಡಮ್, ಕೆಳಗಿನ ಕೋರಿಕೆಯ ಬಗ್ಗೆ. ಆಗಸ್ಟ್ 20 ಮತ್ತು 21 ಈಗಲೂ ತೆರವಿದೆ, 18 ಕೈತಪ್ಪಿದೆ. ಆ ವಾರ ಹೊಂದದಿದ್ದರೆ ಆಗಸ್ಟ್ 25ರ ನಂತರ ಕೇಳಲೇ?

"ನನ್ನ ಹಿಂದಿನ ಮೇಲ್ ನೋಡಿಲ್ಲವೇ" ಎಂಬ ಧಾಟಿ ಬೇಡ. ಎರಡನೆಯದಕ್ಕೂ ಉತ್ತರವಿಲ್ಲದಿದ್ದರೆ ಒಂದು ಸಲ ಫೋನ್ ಮಾಡಿ, ಬೆಳಗ್ಗೆ 11ರ ನಂತರ. ಮೊದಲ ಗಂಟೆ ಅವರದು ಸಾಹೇಬರ ದಿನ ಹೊಂದಿಸುವ ಹೊತ್ತು. ಎತ್ತದಿದ್ದರೆ ಬಿಡಿ. ಐದು ಮಿಸ್ಡ್ ಕಾಲ್ ನೋಡಿದವರಿಗೆ ತಿರುಗಿ ಕರೆ ಮಾಡುವ ಮನಸ್ಸಾಗುವುದಿಲ್ಲ. ಪಿ.ಎ. ಉತ್ತರಿಸಲಿಲ್ಲವೆಂದು ನೇರವಾಗಿ ಸಾಹೇಬರಿಗೆ ದೂರುವುದು ಕೊನೆಯ ಬಾಗಿಲನ್ನೂ ಮುಚ್ಚಿಕೊಂಡಂತೆ.

ಸಮಯ ಸಿಕ್ಕಿತು! ಈಗ ಏನು ಬರೆಯಬೇಕು?

ಅಂದೇ ಒಪ್ಪಿಗೆ ಕಳಿಸಿ, ದಿನ, ತಾರೀಕು, ಗಂಟೆ, ಜಾಗ ನಾಲ್ಕನ್ನೂ ಮರುಬರೆದು. "ಸರಿ, ಧನ್ಯವಾದ" ಎಂದಷ್ಟೇ ಬರೆದರೆ ಎಲ್ಲೋ ಆದ ತಪ್ಪು ಕೊನೆಯ ದಿನದವರೆಗೂ ತಿಳಿಯುವುದಿಲ್ಲ. ತೆರವಾಗಿ ಇಟ್ಟಿದ್ದ ಉಳಿದ ವೇಳೆಗಳನ್ನು ಬಿಟ್ಟುಕೊಟ್ಟೆವೆಂದೂ ಹೇಳಿ.

> ಧನ್ಯವಾದ ಮ್ಯಾಡಮ್. ಗುರುವಾರ, ಆಗಸ್ಟ್ 20, ಮಧ್ಯಾಹ್ನ 3.30, ನಿಮ್ಮ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಕಚೇರಿ: ಖಚಿತ. ಬರುವವರು: (ಇಬ್ಬರ ಪೂರ್ಣ ಹೆಸರು). ಒಂದು ಲ್ಯಾಪ್‌ಟಾಪ್ ತರುತ್ತೇವೆ. ಗೇಟ್ ಪಾಸಿಗೆ ಬೇರೇನಾದರೂ ಬೇಕೇ?

ಗೇಟಿನ ವಿಷಯವನ್ನು ಹಗುರವಾಗಿ ಕಾಣಬೇಡಿ. ದೊಡ್ಡ ಕಟ್ಟಡಗಳಲ್ಲಿ ಭೇಟಿಗಾರರ ಹೆಸರನ್ನು ಮೊದಲೇ ನೋಂದಾಯಿಸಿರಬೇಕಾಗುತ್ತದೆ, ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ, ಲ್ಯಾಪ್‌ಟಾಪಿನ ವಿವರ ಬರೆಸುತ್ತಾರೆ. ಚೀಟಿಯಲ್ಲಿರುವ ಹೆಸರನ್ನೇ ಕೊಡಿ. ಎಲ್ಲರೂ ಕರೆಯುವ ಹೆಸರು ಒಂದು, ಆಧಾರಿನಲ್ಲಿ ಇನ್ನೊಂದು ಎಂದಾದರೆ ಕೆಳಗಿನ ಕೌಂಟರಿನಲ್ಲೇ ಹತ್ತು ನಿಮಿಷ ಹೋಗುತ್ತದೆ. 3.30ಕ್ಕೆ ಭೇಟಿ ಎಂದರೆ 3.10ಕ್ಕೆ ಗೇಟಿನಲ್ಲಿರಬೇಕು.

ಹಿಂದಿನ ದಿನ ಮಧ್ಯಾಹ್ನ ಒಂದು ಸಾಲಿನ ನೆನಪೋಲೆ ಕಳಿಸಿ. ಭೇಟಿ ಮುಂದಕ್ಕೆ ಹೋಗಿದ್ದರೆ ಆಗಲೇ ತಿಳಿಯುತ್ತದೆ.

ನಾವೇ ವೇಳೆ ಬದಲಿಸಬೇಕಾಗಿ ಬಂದರೆ?

ಗೊತ್ತಾದ ಕೂಡಲೇ ಹೇಳಿ, ಕಾರಣ ಅರ್ಧ ವಾಕ್ಯ, ಬದಲಿ ವೇಳೆ ಎರಡು. ಒಂದು ಸಲ ಬದಲಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಎರಡನೇ ಸಲವಾದರೆ ಹೊಸ ವೇಳೆ ಕೇಳಬೇಡಿ. "ಸದ್ಯ ಕೈಬಿಡೋಣ, ನಮ್ಮ ಕಡೆ ಖಚಿತವಾದ ಮೇಲೆ ಬರೆಯುತ್ತೇವೆ" ಎನ್ನಿ. ಜುಲೈ, ಆಗಸ್ಟಿನ ಮಳೆಯಲ್ಲಿ ಲೋಕಲ್ ನಿಂತು ದಾರಿಯಲ್ಲಿ ಸಿಕ್ಕಿಬಿದ್ದರೆ ಮೇಲ್ ಬೇಡ, ಫೋನ್ ಮಾಡಿ, ಎಲ್ಲಿದ್ದೀರಿ, ಎಷ್ಟು ಹೊತ್ತಾದೀತು ಎಂದಷ್ಟೇ ಹೇಳಿ. "ಹತ್ತಿರ ಬಂದಿದ್ದೇವೆ" ಎನ್ನುವುದಕ್ಕಿಂತ "ಕುರ್ಲಾದಲ್ಲಿದ್ದೇವೆ, 25 ನಿಮಿಷ" ಎನ್ನುವುದರಿಂದ ಅವರು ಬೇರೆ ಯಾರನ್ನಾದರೂ ಮೊದಲು ಒಳಗೆ ಕಳಿಸಬಹುದು.

## ಸ್ವಲ್ಪ ತೊಡಕಿನವು

'ಈ ತಿಂಗಳು ಆಗುವುದೇ ಇಲ್ಲ' ಎಂದರು. ನೆಪವೇ?

ಷೇರುಪೇಟೆಯಲ್ಲಿರುವ ಕಂಪನಿಯಾದರೆ ನಿಜವಿರಬಹುದು. ಪ್ರತಿ ತ್ರೈಮಾಸಿಕದ ಫಲಿತಾಂಶವನ್ನು ಅವಧಿ ಮುಗಿದ 45 ದಿನಗಳೊಳಗೆ, ಇಡೀ ವರ್ಷದ್ದನ್ನು 60 ದಿನಗಳೊಳಗೆ ಪ್ರಕಟಿಸಬೇಕೆಂಬುದು ಸೆಬಿ ನಿಯಮ. ಅದರ ಲೆಕ್ಕದಲ್ಲಿ ಆಗಸ್ಟ್ 14, ನವೆಂಬರ್ 14, ಫೆಬ್ರವರಿ 14 ಮತ್ತು ಮೇ 30 ಕೊನೆಯ ದಿನಗಳು. ಅವಕ್ಕೆ ಹಿಂದಿನ ನಾಲ್ಕು ವಾರ ನಿರ್ದೇಶಕರು, ಅದರಲ್ಲೂ ಹಣಕಾಸು ನೋಡುವವರು, ಲೆಕ್ಕಪರಿಶೋಧನೆ ಮತ್ತು ಬೋರ್ಡ್ ಸಭೆಗಳಲ್ಲಿ ಮುಳುಗಿರುತ್ತಾರೆ. ಮೇಲಿನ ಶಾಲೆಯ ಪತ್ರದಲ್ಲಿ ಆಗಸ್ಟ್ 18ರಿಂದ ವೇಳೆ ಕೇಳಿದ್ದು ಇದೇ ಕಾರಣಕ್ಕೆ. ಆ ಕಂಪನಿಯ ಬೋರ್ಡ್ ಸಭೆಯ ದಿನಾಂಕವನ್ನು ಷೇರು ವಿನಿಮಯ ಕೇಂದ್ರದ ಪ್ರಕಟಣೆಯಲ್ಲಿ ಮೊದಲೇ ನೋಡಬಹುದು. ಅದು ಮುಗಿದ ಮೂರು ನಾಲ್ಕು ದಿನಗಳ ನಂತರದ ವೇಳೆ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು.

"ಆಗುವುದಿಲ್ಲ" ಎಂದವರಿಗೆ ಒಂದೇ ಪ್ರಶ್ನೆ ಕೇಳಿ: "ಯಾವ ತಾರೀಕಿನ ನಂತರ ಮತ್ತೆ ಬರೆಯಲಿ?" ತಾರೀಕು ಕೊಟ್ಟರೆ ನಿಜ, ಆ ದಿನ ತಪ್ಪದೆ ಬರೆಯಿರಿ. "ನಾವೇ ತಿಳಿಸುತ್ತೇವೆ" ಎಂದರೆ ಹೆಚ್ಚಾಗಿ ಇಲ್ಲ ಎಂದೇ ಅರ್ಥ. ಆಗ ಕೆಳಗಿನ ಅಧಿಕಾರಿಯ ಹೆಸರು ಕೇಳಿ ಅವರಿಗೆ ಬರೆಯುವುದು ಜಾಣತನ.

ಇಬ್ಬರು ಸಾಹೇಬರನ್ನು ಒಟ್ಟಿಗೆ ಕಾಣಬೇಕು. ಇಬ್ಬರಿಗೂ ಬೇರೆ ಬೇರೆ ಪಿ.ಎ. ಇದ್ದಾರೆ.

ಇಬ್ಬರು ಪಿ.ಎ.ಗಳಿಗೂ ಒಂದೇ ಮೇಲ್ ಹಾಕಿ, ಯಾರಿಗೆ ಬರೆದಿದ್ದೀರೆಂದು ಇಬ್ಬರಿಗೂ ಕಾಣಲಿ. ಬೇರೆ ಬೇರೆ ಬರೆದರೆ ಒಬ್ಬರು ಮಂಗಳವಾರ, ಇನ್ನೊಬ್ಬರು ಗುರುವಾರ ಎನ್ನುತ್ತಾರೆ, ನೀವು ನಡುವೆ ಸಿಕ್ಕಿಬೀಳುತ್ತೀರಿ. ಹೆಚ್ಚು ಬಿಡುವಿಲ್ಲದವರ ಪಿ.ಎ. ಹೆಸರು ಮೊದಲಿರಲಿ. ಮೂರರ ಬದಲು ಐದು ವೇಳೆ ಕೊಡಿ, ಇಬ್ಬರ ಖಾಲಿ ಹೊತ್ತು ಒಂದೇ ಕಡೆ ಬೀಳುವುದು ಅಪರೂಪ. ಒಬ್ಬರು ಸಿಗದಿದ್ದರೆ ಇನ್ನೊಬ್ಬರೊಂದಿಗೆ ಮಾತ್ರ ಭೇಟಿ ಆಗಬಹುದೇ, ಆಗಬಾರದೇ ಎಂಬುದನ್ನೂ ಬರೆಯಿರಿ. ಇದು ನಿಮಗೆ ಮಾತ್ರ ಗೊತ್ತಿರುವ ಸಂಗತಿ.

ಗೋವಾದಲ್ಲಿರುವ ನಾವು ಮುಂಬಯಿ ಕಚೇರಿಗೆ ಬರೆಯುವಾಗ ಬೇರೇನಾದರೂ ನೋಡಬೇಕೇ?

ರಜೆಗಳನ್ನು. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಜೇವಿಯರ್ ಹಬ್ಬ, ಡಿಸೆಂಬರ್ 19ರ ಗೋವಾ ವಿಮೋಚನಾ ದಿನ ನಿಮಗೆ ರಜೆ, ಮುಂಬಯಿಯವರಿಗೆ ಕೆಲಸದ ದಿನ. ಮೇ 1, ಮಹಾರಾಷ್ಟ್ರ ದಿನ, ಅವರಿಗೆ ರಜೆ. ಗಣೇಶ ಚೌತಿಯ ವಾರ ಎರಡೂ ಕಡೆ ಯಾರನ್ನೂ ಕಾಣುವ ಯೋಚನೆ ಬೇಡ. ಆನ್‌ಲೈನ್ ಭೇಟಿಯೂ ಆದೀತೆಂದಿದ್ದರೆ ಪ್ರತಿ ವೇಳೆಯ ಮುಂದೆ "ಖುದ್ದಾಗಿ" ಅಥವಾ "ಆನ್‌ಲೈನ್" ಎಂದು ಗುರುತಿಸಿ, ಲಿಂಕನ್ನು ಯಾರು ಕಳಿಸುತ್ತಾರೆಂದೂ ಹೇಳಿ. ಕೇಳದೆ ಕ್ಯಾಲೆಂಡರ್ ಆಮಂತ್ರಣ ಕಳಿಸಬೇಡಿ. ಅದು ಸಾಹೇಬರ ದಿನಚರಿಯಲ್ಲಿ ತಾನಾಗಿ ಕೂತು, ಅದೇ ಹೊತ್ತಿಗೆ ಇದ್ದ ಇನ್ನೊಂದು ಭೇಟಿಯ ಜತೆ ಸಿಕ್ಕಾಗುತ್ತದೆ, ಬಿಡಿಸಬೇಕಾದವರು ಮತ್ತೆ ಪಿ.ಎ. ಸಮಯ ಖಚಿತವಾದ ಮೇಲೆ "ಆಮಂತ್ರಣ ನಾವು ಕಳಿಸಲೇ, ನೀವು ಕಳಿಸುತ್ತೀರಾ?" ಎಂದು ಕೇಳಿ, ಅವರು ಹೇಳಿದಂತೆ ಮಾಡಿ.